ಐದು ಕೆಜಿ ಈರುಳ್ಳಿ ಹೆಚ್ಚಬೇಕು: ಕಣ್ಣೀರು ತಡೆಯುವ ಉಪಾಯಗಳಲ್ಲಿ ಯಾವುದು ನಿಜ, ಯಾವುದು ಸುಮ್ನೆ?

ಮೈಸೂರು_ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಮಗಳ ಹುಟ್ಟುಹಬ್ಬ. ಐವತ್ತು ಜನಕ್ಕೆ ಮನೆಯಲ್ಲೇ ಅಡುಗೆ. ತರಕಾರಿ ಬಿರಿಯಾನಿಗೆ ಉದ್ದುದ್ದ ಹೆಚ್ಚಿದ ಈರುಳ್ಳಿ ಬೇಕು, ಮೊಸರು ಬಜ್ಜಿಗೆ ಸಣ್ಣಗೆ ಹೆಚ್ಚಿದ್ದು ಬೇಕು. ಎಲ್ಲ ಸೇರಿ ಐದು ಕೆಜಿ ಆಗುತ್ತದೆ. ನನಗೋ ಎರಡು ಗಡ್ಡೆ ಮುಗಿಯುವಷ್ಟರಲ್ಲಿ ಕಣ್ಣು ಬಿಡೋಕೇ ಆಗುವುದಿಲ್ಲ.

ಅತ್ತೆ ಬಾಯಲ್ಲಿ ಬ್ರೆಡ್ ತುಂಡು ಕಚ್ಚಿಕೊಳ್ಳಲು ಹೇಳುತ್ತಾರೆ. ನಾದಿನಿ ಫ್ರಿಜ್‌ನಲ್ಲಿಡು ಎನ್ನುತ್ತಾಳೆ. ಪಕ್ಕದ ಮನೆಯವರು ಮೇಣದಬತ್ತಿ ಹಚ್ಚಿಡಿ ಅಂದರು. ಒಂದು ದಿನ ಕೆಲಸ ಮಾಡಿದ ಉಪಾಯ ಇನ್ನೊಂದು ದಿನ ಮಾಡುವುದಿಲ್ಲ. ಕಣ್ಣಲ್ಲಿ ನೀರು ಬರುವುದಾದರೂ ಯಾಕೆ? ಕಾರಣ ಗೊತ್ತಾದರೆ ಯಾವ ಉಪಾಯ ನಂಬಬೇಕು ಎಂದೂ ಗೊತ್ತಾಗುತ್ತದೆ, ಅಲ್ವಾ?

ದಾವಣಗೆರೆ_ಬೆಣ್ಣೆ
ಫ್ರಿಜ್. ಅರ್ಧ ಗಂಟೆ ಫ್ರೀಜರ್. ಮುಗಿಯಿತು.

ಕಾಲೇಜು_ಕೆಮಿಸ್ಟ್ರಿ
ಕಾರಣ ಸರಳವಾಗಿದೆ ಮೇಡಂ. ಈರುಳ್ಳಿಯಲ್ಲಿ ಗಂಧಕ ಇದೆ. ಹೆಚ್ಚಿದಾಗ ಅದು ಗಾಳಿಗೆ ಹಾರುತ್ತದೆ. ಕಣ್ಣಿನ ತೇವಕ್ಕೆ ತಗುಲಿ ಸಲ್ಫ್ಯೂರಿಕ್ ಆಮ್ಲ ಆಗುತ್ತದೆ. ಆ ಆಮ್ಲವೇ ಕಣ್ಣು ಸುಡುವುದು. ಅದಕ್ಕೇ ನೀರಿನಲ್ಲಿಟ್ಟು ಹೆಚ್ಚಬೇಕು.

ಸಸ್ಯಶಾಲೆ
ಗಂಧಕದ ಮಾತು ಸರಿ ಸರ್, ಉಳಿದದ್ದನ್ನು ಸ್ವಲ್ಪ ತಿದ್ದಬೇಕು. ನಾನು ಬಯೋಕೆಮಿಸ್ಟ್ರಿ ಓದಿ ಈಗ ತರಕಾರಿ ಬೆಳೆಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹೆಚ್ಚದ ಈರುಳ್ಳಿಯಲ್ಲಿ ಕಣ್ಣೀರು ತರಿಸುವ ವಸ್ತುವೇ ಇರುವುದಿಲ್ಲ. ಇಡೀ ಗಡ್ಡೆಯನ್ನು ಮೂಗಿಗೆ ಹಿಡಿದು ನೋಡಿ, ಕಣ್ಣು ಉರಿಯುವುದಿಲ್ಲ. ಒಳಗಿನ ಒಂದೊಂದು ಜೀವಕಣದಲ್ಲೂ ಎರಡು ಸಾಮಾನು ಬೇರೆ ಬೇರೆ ಜಾಗದಲ್ಲಿರುತ್ತವೆ. ಒಂದು ಕಡೆ ಗಂಧಕ ಸೇರಿದ ಅಮೈನೋ ಆಮ್ಲ, ಇನ್ನೊಂದು ಕಡೆ ಅಲಿನೇಸ್ ಎಂಬ ಕಿಣ್ವ. ಚಾಕು ಹೋದ ಕಡೆಯೆಲ್ಲ ಕಣ ಒಡೆದು ಎರಡೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತುವನ್ನು ಇನ್ನೊಂದು ಕಿಣ್ವ ಹಿಡಿದು ಆವಿಯಾಗಿ ಹಾರುವ ವಸ್ತುವಾಗಿ ಬದಲಿಸುತ್ತದೆ. ಅದರ ಹೆಸರು ಪ್ರೊಪೇನ್‌ಥಯಾಲ್ ಎಸ್-ಆಕ್ಸೈಡ್. ಹೆಸರು ನೆನಪಿಡಬೇಕಿಲ್ಲ, ಅನಿಲ ಎಂದರೆ ಸಾಕು.

ಈ ಎರಡನೇ ಕಿಣ್ವದ ವಿಷಯ ಗೊತ್ತಾಗಿದ್ದು 2002ರಲ್ಲಿ. ಜಪಾನಿನ ಹೌಸ್ ಫುಡ್ಸ್ ಕಂಪನಿಯವರು ಅದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ಮೊದಲನೇ ಕಿಣ್ವ ಕೆಲಸ ಮಾಡಿದ ಮೇಲೆ ಅನಿಲ ತಾನಾಗಿಯೇ ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಇನ್ನು ಆಮ್ಲದ ಮಾತು. ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯಲ್ಲಿ ನರದ ತುದಿಗಳು ತುಂಬಾ ಇವೆ. ಈ ಅನಿಲ ನೇರವಾಗಿ ಅವನ್ನೇ ಕೆಣಕುತ್ತದೆ. ಏನೋ ಬಿತ್ತು, ತೊಳೆ ಎಂದು ಮೆದುಳು ಕಣ್ಣೀರಿನ ಗ್ರಂಥಿಗೆ ಹೇಳುತ್ತದೆ. ಕಣ್ಣು ಉರಿಯಲು ಸಲ್ಫ್ಯೂರಿಕ್ ಆಮ್ಲ ಹುಟ್ಟಲೇಬೇಕು ಎಂದೇನಿಲ್ಲ. ಅನಿಲ ನೀರಿನಲ್ಲಿ ಒಡೆದಾಗ ಚೂರುಪಾರು ಬಂದರೂ ಕಣ್ಣು ಸುಡುವಷ್ಟು ಇರುವುದಿಲ್ಲ.

ಕಾಲೇಜು_ಕೆಮಿಸ್ಟ್ರಿ
ಪುಸ್ತಕಗಳಲ್ಲೂ ಆಮ್ಲ ಅಂತಲೇ ಇದೆಯಲ್ಲ.

ಸಸ್ಯಶಾಲೆ
ಎಷ್ಟೋ ಕಡೆ ಹಾಗೇ ಇದೆ ಸರ್. ಆಮ್ಲ ಆಗಿದ್ದರೆ ದಿನವೂ ಮೂಟೆಗಟ್ಟಲೆ ಹೆಚ್ಚುವ ಹೋಟೆಲಿನವರ ಕಣ್ಣಿಗೆ ಗಾಯವೇ ಆಗಬೇಕಿತ್ತು. ಹಾಗೆ ಆಗುವುದಿಲ್ಲ. ಜಾಗ ಬಿಟ್ಟು ಎದ್ದು ಹೋದರೆ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ಅಜ್ಜಿಮನೆ_ಶಿರಸಿ
ನಮ್ಮಜ್ಜಿ ಈರುಳ್ಳಿ ಹೆಚ್ಚಿದರೆ ಕಣ್ಣು ತೊಳೆದಂತೆ ಆಗುತ್ತದೆ, ಒಳ್ಳೆಯದು ಎನ್ನುತ್ತಿದ್ದರು. ನನಗೆ ಕಣ್ಣು ಒಣಗುವ ತೊಂದರೆ ಇದೆ. ದಿನಾ ಒಂದು ಈರುಳ್ಳಿ ಹೆಚ್ಚಿದರೆ ಡ್ರಾಪ್ಸ್ ಬಿಡಬಹುದಾ?

ಸಸ್ಯಶಾಲೆ
ದಯವಿಟ್ಟು ಡ್ರಾಪ್ಸ್ ಬಿಡಬೇಡಿ ಅಕ್ಕಾ. ಉರಿಗೆ ಬರುವುದು ತೆಳು ನೀರು, ಒಮ್ಮೆಲೇ ಬಂದು ಹರಿದು ಹೋಗುತ್ತದೆ. ಕಣ್ಣನ್ನು ದಿನವಿಡೀ ಹಸಿಯಾಗಿಡುವ ಪದರದಲ್ಲಿ ಎಣ್ಣೆಯ ಅಂಶವೂ ಇರಬೇಕು. ಒಣಗಿದ ಕಣ್ಣಿಗೆ ಈ ಅನಿಲದಿಂದ ಉರಿಯೇ ಜಾಸ್ತಿ ಆಗಬಹುದು. ನಿಮ್ಮ ಕಣ್ಣಿನ ಡಾಕ್ಟರನ್ನೇ ಕೇಳಿ.

ಗದಗ_ರೈತ
ಎಲ್ಲರೂ ಚಾಕು, ಫ್ರಿಜ್ ಅನ್ನುತ್ತಿದ್ದೀರಿ. ಯಾವ ಉಳ್ಳಾಗಡ್ಡಿ ಅಂತ ಯಾರೂ ಕೇಳಲಿಲ್ಲವಲ್ರೀ! ಒಂದು ದಿನ ನಡೆದ ಉಪಾಯ ಇನ್ನೊಂದು ದಿನ ಯಾಕೆ ನಡೆಯಲ್ಲ ಅಂದರೆ ಇದಕ್ಕೇ. ಹೊಲದಲ್ಲಿ ಗಂಧಕ ಜಾಸ್ತಿ ಇದ್ದರೆ, ನೀರು ಕಡಿಮೆ ಆಗಿ ಬಿಸಿಲಲ್ಲಿ ಬೆಳೆದರೆ ಘಾಟು ಏರುತ್ತದೆ. ಮುಂಗಾರು ಬೆಳೆ ಮಳೆಗೆ ಸಿಕ್ಕರೆ ಗಡ್ಡೆಯಲ್ಲಿ ನೀರು ತುಂಬಿ ಘಾಟು ಇಳಿಯುತ್ತದೆ, ಆದರೆ ಇಟ್ಟರೆ ಕೊಳೆಯುತ್ತದೆ. ಹಿಂಗಾರಿನಲ್ಲಿ ಬೆಳೆದು ಚೆನ್ನಾಗಿ ಒಣಗಿಸಿದ ಗಟ್ಟಿ ಗಡ್ಡೆ ತಗೊಂಡು ನೋಡಿ, ಮೊದಲ ಹೋಳಿಗೇ ಕಣ್ಣು ತುಂಬುತ್ತದೆ.

ಮೇಡಂ, ಪೇಟೆಯಲ್ಲಿ ಒತ್ತಿ ನೋಡಿ. ಕುತ್ತಿಗೆ ಸಣ್ಣಗೆ, ಬಿಗಿಯಾಗಿ ಒಣಗಿ, ಸಿಪ್ಪೆ ಗರಿಗರಿ ಇದ್ದರೆ ಘಾಟು ಇರುತ್ತದೆ ಅಂತಲೇ ತಿಳಿದುಕೊಳ್ಳಿ. ಕುತ್ತಿಗೆ ದಪ್ಪ, ಹಸಿ ಇದ್ದರೆ ನೀರು ಗಡ್ಡೆ. ಮೊಸರು ಬಜ್ಜಿಗೆ ಅದು ನಡೆಯುತ್ತದೆ.

ಚಿಕ್ಕಬಳ್ಳಾಪುರದವ
ನಮ್ಮ ಕಡೆಯ ಗುಲಾಬಿ ಈರುಳ್ಳಿ ಹೆಚ್ಚಿ ನೋಡಿ ಅಣ್ಣ, ಬೇರೆ ಯಾವುದೂ ಲೆಕ್ಕಕ್ಕಿಲ್ಲ. 2015ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಬಹುಪಾಲು ಮಲೇಷ್ಯಾ, ಸಿಂಗಾಪುರದ ಕಡೆ ಹಡಗು ಹತ್ತುತ್ತದೆ.

ದಾವಣಗೆರೆ_ಬೆಣ್ಣೆ
ಈ ವರ್ಷ ರೇಟ್ ಎಷ್ಟಿದೆ ಅಣ್ಣ ಅಲ್ಲಿ?

ಮೈಸೂರು_ಅಡುಗೆಮನೆ
ರೇಟ್ ವಿಷಯ ಬೇರೆ ಚರ್ಚೆ ಮಾಡಿಕೊಳ್ಳಿ ಪ್ಲೀಸ್ 🙏 ಗದಗದ ಅಣ್ಣ, ಕುತ್ತಿಗೆ ನೋಡುವ ವಿಷಯ ತುಂಬಾ ಉಪಯೋಗ ಆಯಿತು. ಈಗ ಉಪಾಯಗಳಿಗೆ ಬನ್ನಿ. ಬ್ರೆಡ್?

ಮೆಸ್_ಭಟ್ಟರು
ಬ್ರೆಡ್, ಬೆಂಕಿಕಡ್ಡಿ, ಬಾಯಲ್ಲಿ ನೀರು, ಎಲ್ಲ ಸುಳ್ಳು. ಹಾಸ್ಟೆಲ್ ಮೆಸ್ ನಡೆಸುತ್ತೇನೆ, ನಮ್ಮ ಹುಡುಗರು ಎಲ್ಲ ಮಾಡಿ ನೋಡಿದ್ದಾರೆ. ಕೆಲಸಕ್ಕೆ ಬರುವುದು ಮೂರೇ: ಹರಿತವಾದ ಚಾಕು, ಬಕೆಟ್ ನೀರು, ಎಕ್ಸಾಸ್ಟ್ ಫ್ಯಾನು.

ನಾವು ಮಾಡುವುದು ಹೀಗೆ. ಮೊದಲು ಎಲ್ಲದರ ಸಿಪ್ಪೆ ತೆಗೆಯುತ್ತೇವೆ. ತುದಿ ಕತ್ತರಿಸುತ್ತೇವೆ, ಬೇರಿನ ಬುಡ ಹಾಗೇ ಬಿಡುತ್ತೇವೆ. ಎರಡು ಹೋಳು ಮಾಡಿ ತಣ್ಣೀರಿನ ಬಕೆಟ್‌ಗೆ ಹಾಕುತ್ತೇವೆ. ಹತ್ತು ಹದಿನೈದು ನಿಮಿಷ ಬಿಟ್ಟು ಒಂದೊಂದೇ ಹೋಳು ತೆಗೆದು, ಬಟ್ಟೆಯಲ್ಲಿ ಒರೆಸಿ, ಕತ್ತರಿಸಿದ ಮುಖ ಮಣೆಗೆ ತಾಗುವಂತೆ ಮಗುಚಿ ಇಟ್ಟು ಹೆಚ್ಚುತ್ತೇವೆ. ಒರೆಸದೇ ಹೆಚ್ಚಿದರೆ ಜಾರುತ್ತದೆ, ಬೆರಳಿಗೆ ಬೀಳುತ್ತದೆ. ಹೆಚ್ಚಿದ್ದನ್ನು ಪಕ್ಕದಲ್ಲಿ ಗುಡ್ಡೆ ಹಾಕಿಕೊಂಡು ಕೂರಬಾರದು. ಆಗಾಗ ಮುಚ್ಚಳದ ಪಾತ್ರೆಗೆ ಸುರಿದು ಮುಚ್ಚಿಡಬೇಕು. ಇದನ್ನು ಮಾತ್ರ ಯಾರೂ ಮಾಡುವುದಿಲ್ಲ. ಹೆಚ್ಚುವ ಹೋಳಿಗಿಂತ ಆ ಗುಡ್ಡೆಯೇ ಕಣ್ಣು ಉರಿಸುವುದು.

ಸಸ್ಯಶಾಲೆ
ಭಟ್ಟರೇ, ಗುಡ್ಡೆಯ ಮಾತು ನೂರಕ್ಕೆ ನೂರು ಸರಿ. ಚಾಕು ಹೋದ ಕ್ಷಣಕ್ಕೇ ಎಲ್ಲ ಅನಿಲ ಬಂದುಬಿಡುವುದಿಲ್ಲ. ಕಿಣ್ವಗಳಿಗೆ ಸಮಯ ಬೇಕು. ಸುಮಾರು ಅರ್ಧ ನಿಮಿಷಕ್ಕೆ ಜೋರಾಗುತ್ತದೆ, ಆಮೇಲೆ ಕೆಲವು ನಿಮಿಷ ಬರುತ್ತಲೇ ಇರುತ್ತದೆ. ಮೊದಲ ಗಡ್ಡೆಗೆ ಏನೂ ಆಗದೆ ಎರಡನೆಯದಕ್ಕೆ ಕಣ್ಣು ಉರಿಯುವುದು ಇದರಿಂದಲೇ. ಎರಡನೆಯದು ಹೆಚ್ಚುವಾಗ ಮೊದಲನೆಯದು ಪಕ್ಕದಲ್ಲಿ ಅನಿಲ ಬಿಡುತ್ತಾ ಕೂತಿರುತ್ತದೆ.

ಹೋಳಿನ ಮುಖವನ್ನು ಮಣೆಗೆ ಮಗುಚುವುದಕ್ಕೂ ಅರ್ಥ ಇದೆ, ಅಷ್ಟು ಮೈ ಗಾಳಿಗೆ ತೆರೆದಿರುವುದಿಲ್ಲ. ನೀರಿನಲ್ಲಿ ಹಾಕಿದಾಗ ಕತ್ತರಿಸಿದ ಮುಖದ ರಸ ತೊಳೆದು ಹೋಗುತ್ತದೆ. ಆದರೆ ಒಳಗಿನ ಕಣಗಳು ಇನ್ನೂ ಒಡೆದೇ ಇಲ್ಲವಲ್ಲ. ಹಾಗಾಗಿ ನೀರು ಸ್ವಲ್ಪ ಮಟ್ಟಿಗೆ ಮಾತ್ರ ಸಹಾಯ.

ಮೆಸ್_ಭಟ್ಟರು
ಸ್ವಲ್ಪ ಮಟ್ಟಿಗೆ ಅಲ್ಲ ಮೇಡಂ, ತುಂಬಾ ಸಹಾಯ ಆಗುತ್ತದೆ. ನೀರಿಲ್ಲದೆ ನಮ್ಮ ಹುಡುಗರು ಕೆಲಸಕ್ಕೇ ಕೂರುವುದಿಲ್ಲ.

ಸಸ್ಯಶಾಲೆ
ನೀರಲ್ಲಿದ್ದ ಹೋಳು ತಣ್ಣಗೂ ಆಗಿರುತ್ತದೆ, ಮೈಯೂ ಒದ್ದೆ ಇರುತ್ತದೆ. ನಿಮ್ಮಲ್ಲಿ ಎಕ್ಸಾಸ್ಟ್ ಕೂಡ ಓಡುತ್ತಿರುತ್ತದೆ. ಯಾವುದರಿಂದ ಎಷ್ಟು ಲಾಭ ಅಂತ ಬೇರೆ ಮಾಡಿ ಹೇಳುವುದು ಕಷ್ಟ.

ಮಲ್ಲೇಶ್ವರಂ_ಟೆಕ್ಕಿ
ಬೇರಿನ ಬುಡದಲ್ಲೇ ಘಾಟೆಲ್ಲ ಇದೆ, ಅದನ್ನು ಕತ್ತರಿಸದಿದ್ದರೆ ಕಣ್ಣೀರೇ ಬರಲ್ಲ ಅಂತ ವಿಡಿಯೋದಲ್ಲಿ ನೋಡಿದ್ದೆ. ನಿಜಾನಾ?

ಸಸ್ಯಶಾಲೆ
ಅರ್ಧ ನಿಜ. ಬುಡದ ಕಡೆ ಮತ್ತು ಒಳಗಿನ ಪದರಗಳಲ್ಲಿ ಆ ಗಂಧಕದ ವಸ್ತು ಹೆಚ್ಚು, ಹೊರಗಿನ ಪದರದಲ್ಲಿ ಕಡಿಮೆ. ಆದರೆ ಎಲ್ಲ ಪದರದಲ್ಲೂ ಇದೆ. ಬುಡ ಬಿಟ್ಟರೆ ಉರಿ ಕಡಿಮೆ ಆಗಬಹುದು, ನಿಲ್ಲುವುದಿಲ್ಲ. ಪದರ ಬಿಚ್ಚಿಕೊಳ್ಳದೆ ಬೇಗ ಹೆಚ್ಚಲು ಆಗುತ್ತದಲ್ಲ, ಅದೇ ದೊಡ್ಡ ಲಾಭ. ಬುಡವನ್ನು ಕೊನೆಯಲ್ಲಿ ತೆಗೆಯಿರಿ.

ಪುತ್ತೂರು_ಮೆಟ್ಟುಕತ್ತಿ
ನಮ್ಮಲ್ಲಿ ಈಗಲೂ ಮೆಟ್ಟುಕತ್ತಿಯಲ್ಲೇ ನೀರುಳ್ಳಿ ಹೆಚ್ಚುವುದು. ಅಮ್ಮನಿಗೆ ಕಣ್ಣೀರು ಬರುವುದೇ ಇಲ್ಲ, ನನಗೆ ಅದೇ ಕತ್ತಿಯಲ್ಲಿ ಧಾರಾಕಾರ. ನಾನು ಗಮನಿಸಿದ್ದು ಏನೆಂದರೆ, ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ಬಾಗಿಲ ಪಕ್ಕದಲ್ಲಿ. ನಾನು ಬೆರಳಿನ ಹೆದರಿಕೆಗೆ ಕತ್ತಿಯ ಮೇಲೇ ಬಗ್ಗಿರುತ್ತೇನೆ.

ಮೆಸ್_ಭಟ್ಟರು
ಅದೇ ಕಾರಣ ತಂಗೀ. ಮುಖ ನೇರ ಮೇಲೆ ಇದ್ದರೆ ಯಾವ ಉಪಾಯವೂ ಇಲ್ಲ. ಈಳಿಗೆ ಮಣೆಯಲ್ಲಿ ಬಗ್ಗಿ ಹೆಚ್ಚುವವರಿಗೆ ಇದು ಜಾಸ್ತಿ.

ಅಜ್ಜಿಮನೆ_ಶಿರಸಿ
ಅಭ್ಯಾಸವೂ ಇರಬಹುದು. ವರ್ಷಗಟ್ಟಲೆ ಹೆಚ್ಚಿದವರ ಕಣ್ಣು ಒಗ್ಗಿಹೋಗಿರುತ್ತದೆ.

ಸಸ್ಯಶಾಲೆ
ಇರಬಹುದು. ವಯಸ್ಸಾದಂತೆ ಆ ಪೊರೆಯ ಸೂಕ್ಷ್ಮತೆ ಕಡಿಮೆಯಾಗುವುದೂ ಉಂಟು. ಪುತ್ತೂರಿನ ಅಮ್ಮನ ವಿಷಯದಲ್ಲಿ ಕೂರುವ ರೀತಿಯೋ ಕಣ್ಣೋ ಅಂತ ನಾನು ಇಲ್ಲಿಂದ ಹೇಳಲಾರೆ. ನೀವು ಒಂದು ದಿನ ಅವರ ಜಾಗದಲ್ಲಿ, ಅವರ ಹಾಗೇ ಕೂತು ನೋಡಿ.

ಮಲ್ಲೇಶ್ವರಂ_ಟೆಕ್ಕಿ
ಹರಿತ ಚಾಕುವಿನ ಬಗ್ಗೆ ಹೊಸ ಸಂಶೋಧನೆ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಈರುಳ್ಳಿ ಹೆಚ್ಚುವುದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದರು. ಮೊಂಡು ಚಾಕು ಮೊದಲು ಪದರವನ್ನು ಒಳಕ್ಕೆ ಒತ್ತುತ್ತದೆ. ಒಳಗೆ ಒತ್ತಡ ಏರಿ, ಸಿಪ್ಪೆ ಸೀಳಿದ ತಕ್ಷಣ ರಸ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಹರಿತ ಚಾಕುವಿನಲ್ಲಿ ನಿಧಾನವಾಗಿ ಹೆಚ್ಚಿದರೆ ಹನಿ ಕಡಿಮೆ. ಮತ್ತೆ ದಾವಣಗೆರೆ ಬ್ರೋ, ಫ್ರಿಜ್‌ನಲ್ಲಿಟ್ಟ ಈರುಳ್ಳಿಯಲ್ಲಿ ಹನಿ ಕಡಿಮೆ ಆಗಲಿಲ್ಲ. ಹಾಗಾಗಿ ಫ್ರಿಜ್ ಉಪಾಯ ಕ್ಯಾನ್ಸಲ್.

ದಾವಣಗೆರೆ_ಬೆಣ್ಣೆ
ಯಾರು ಏನೇ ಹೇಳಲಿ, ನನ್ನ ಕಣ್ಣಿಗೆ ಫ್ರಿಜ್ ಈರುಳ್ಳಿಯಲ್ಲಿ ಉರಿ ಕಡಿಮೆ. ನನ್ನ ಕಣ್ಣು ಸುಳ್ಳು ಹೇಳುತ್ತದಾ?

ಸಸ್ಯಶಾಲೆ
ಇಬ್ಬರ ಮಾತಿನಲ್ಲೂ ನಿಜ ಇದೆ. ಅವರು ನೋಡಿದ್ದು ಚಿಮ್ಮುವ ಹನಿ. ಕಣ್ಣಿಗೆ ಅನಿಲವೂ ಬರುತ್ತದಲ್ಲ. ತಣ್ಣಗಿದ್ದರೆ ಕಿಣ್ವ ನಿಧಾನ, ಆವಿಯಾಗುವುದೂ ನಿಧಾನ. ಆದ್ದರಿಂದ ಫ್ರಿಜ್‌ನಿಂದ ಲಾಭ ಇದೆ ಎಂದೇ ನನ್ನ ಅಭಿಪ್ರಾಯ. ಹನಿ ಮುಖ್ಯವೋ ಅನಿಲ ಮುಖ್ಯವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಫ್ರಿಜ್ ಕೈಕೊಡುವುದು ಯಾವಾಗ ಅಂದರೆ, ತಣ್ಣಗಿನ ಗಡ್ಡೆಗಳನ್ನೆಲ್ಲ ಒಟ್ಟಿಗೆ ಹೊರಗೆ ತೆಗೆದಿಟ್ಟು ಹೆಚ್ಚಲು ಕೂತಾಗ. ಮೈಸೂರಿನ ಬೇಸಿಗೆಯಲ್ಲಿ ಕೊನೆಯ ಗಡ್ಡೆಗಳು ಮಾಮೂಲಿ ಬಿಸಿಗೆ ಬಂದುಬಿಟ್ಟಿರುತ್ತವೆ. ಐದಾರರಂತೆ ತೆಗೆಯಿರಿ. ಫ್ರೀಜರ್‌ನಲ್ಲಿ ಮರೆತು ಗಡ್ಡೆ ಹೆಪ್ಪುಗಟ್ಟಿದರೆ ಕಣ ಒಳಗೇ ಒಡೆದು ಮೆತ್ತಗಾಗುತ್ತದೆ. ಮೊಸರು ಬಜ್ಜಿಗೆ ಅದು ಬರುವುದಿಲ್ಲ.

ಮೈಸೂರು_ಅಡುಗೆಮನೆ
ಮೇಣದಬತ್ತಿ?

ಕಾಲೇಜು_ಕೆಮಿಸ್ಟ್ರಿ
ಜ್ವಾಲೆ ಅನಿಲವನ್ನು ಸುಡುತ್ತದೆ. ಇದರಲ್ಲಿ ತಪ್ಪೇನಿಲ್ಲ.

ಸಸ್ಯಶಾಲೆ
ಜ್ವಾಲೆಯ ಹತ್ತಿರ ಬಂದಷ್ಟನ್ನು ಸುಡಬಹುದು ಸರ್. ಮಣೆಯಿಂದ ಕಣ್ಣಿಗೆ ಹೋಗುವ ಅನಿಲ ಬತ್ತಿಯ ಕಡೆ ತಿರುಗಿ ಹೋಗುವುದಿಲ್ಲವಲ್ಲ. ಒಂದು ಬತ್ತಿಯಿಂದ ಆಗುವಂಥದ್ದಲ್ಲ. ಅದೂ ಮನೆ ತುಂಬ ಮಕ್ಕಳಿರುವ ದಿನ, ದುಪಟ್ಟಾ ಪಕ್ಕದಲ್ಲಿ ಬೆಂಕಿ ಬೇಡ.

ಬ್ರೆಡ್ ಕೂಡ ಹಾಗೇ. ಅನಿಲ ನೇರ ಕಣ್ಣಿಗೆ ಹೋಗುತ್ತದೆ, ಬಾಯಿಯ ಮೂಲಕ ಅಲ್ಲ. ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ.

ಟೋಕಿಯೋ_ಕನ್ನಡಿಗ
ಸಸ್ಯಶಾಲೆಯವರು ಹೇಳಿದ ಹೌಸ್ ಫುಡ್ಸ್ ಇಲ್ಲಿ ಸ್ಮೈಲ್ ಬಾಲ್ ಅಂತ ಕಣ್ಣೀರು ಬಾರದ ಈರುಳ್ಳಿಯನ್ನೇ ಮಾರುತ್ತಿದೆ. ಹೆಚ್ಚಿ ನೋಡಿದೆ, ಕಣ್ಣಿಗೆ ಏನೂ ಆಗಲಿಲ್ಲ. ಹಸಿಯಾಗಿ ತಿಂದರೆ ಸಿಹಿ. ಆದರೆ ಒಗ್ಗರಣೆಗೆ ಹಾಕಿದರೆ ನಮ್ಮ ಸಾಂಬಾರಿನ ಆ ಘಮ ಬರಲೇ ಇಲ್ಲ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಕೂಡ ಅವರಿಗೆ 2013ರಲ್ಲಿ ಬಂತು.

ಸಸ್ಯಶಾಲೆ
ಘಮ ಬಾರದಿರುವುದಕ್ಕೆ ಕಾರಣ ಇದೆ. 2002ರಲ್ಲಿ ಇದ್ದ ಆಸೆ ಏನೆಂದರೆ, ಎರಡನೇ ಕಿಣ್ವವನ್ನು ಮಾತ್ರ ನಿಲ್ಲಿಸಿದರೆ ಕಣ್ಣೀರು ನಿಂತು ರುಚಿ ಉಳಿಯುತ್ತದೆ ಎಂದು. ನ್ಯೂಜಿಲೆಂಡಿನಲ್ಲಿ ಜೀನ್ ಅಡಗಿಸಿ ಅಂಥ ಗಡ್ಡೆ ಬೆಳೆಸಿಯೂ ತೋರಿಸಿದರು. ಸ್ಮೈಲ್ ಬಾಲ್‌ನಲ್ಲಿ ಮೊದಲನೇ ಕಿಣ್ವವೇ ತೀರಾ ಕಡಿಮೆ. ಬುಡದಲ್ಲೇ ತಡೆದಂತಾಯಿತು, ಕಣ್ಣೀರಿನ ಜೊತೆ ಘಾಟೂ ಹೋಯಿತು.

ಬೆಳ್ಳುಳ್ಳಿ ನೆನಪಿಸಿಕೊಳ್ಳಿ. ಅದರಲ್ಲೂ ಅಲಿನೇಸ್ ಇದೆ, ಘಾಟಿದೆ. ಕಣ್ಣೀರಿನ ಆ ಎರಡನೇ ಕಿಣ್ವ ಇಲ್ಲ. ಬಟ್ಟಲುಗಟ್ಟಲೆ ಬೆಳ್ಳುಳ್ಳಿ ಜಜ್ಜಿದರೂ ಯಾರೂ ಅಳುವುದಿಲ್ಲ.

ಗದಗ_ರೈತ
ಘಾಟಿಲ್ಲದ ಉಳ್ಳಾಗಡ್ಡಿ ನಮ್ಮ ಕಡೆ ಯಾರೂ ಕೊಳ್ಳಲ್ಲ. ರೊಟ್ಟಿ ಜೊತೆ ಗುದ್ದಿ ತಿನ್ನುವ ಉಳ್ಳಾಗಡ್ಡಿ ಮೂಗಿಗೆ ಹತ್ತಲೇಬೇಕು.

ಹೊಸ_ಲೆನ್ಸ್
ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಹಾಕಿದ ದಿನ ಈರುಳ್ಳಿಯಿಂದ ಏನೂ ಆಗಲ್ಲ, ಕನ್ನಡಕ ಹಾಕಿದ ದಿನ ಹರಿಯುತ್ತದೆ.

ಸಸ್ಯಶಾಲೆ
ಲೆನ್ಸ್ ಕೂರುವುದು ಆ ನರಗಳಿರುವ ಪೊರೆಯ ಮೇಲೇ. ಅದೇ ತಡೆ. ಕನ್ನಡಕದ ಸುತ್ತಲೂ ಗಾಳಿ ಆಡುತ್ತದೆ. ಈಜುವ ಕನ್ನಡಕ ಮುಖಕ್ಕೆ ಬಿಗಿಯಾಗಿ ಕೂರುವುದರಿಂದ ಪೂರ್ತಿ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ, ಹೆಚ್ಚಿದ ಕೈಯಲ್ಲಿ ಲೆನ್ಸ್ ತೆಗೆಯಬೇಡಿ. ಮೊದಲು ಸೋಪಿನಲ್ಲಿ ಚೆನ್ನಾಗಿ ಕೈ ತೊಳೆಯಿರಿ.

ಮೆಸ್_ಭಟ್ಟರು
ಈಗ ಮೇಡಂ ಭಾನುವಾರದ ಕೆಲಸ ಹೇಗೆ ಮಾಡಬೇಕು ಅಂತ ನಾನು ಹೇಳುತ್ತೇನೆ. ಹಿಂದಿನ ರಾತ್ರಿ ಐದು ಕೆಜಿಯನ್ನೂ ಫ್ರಿಜ್‌ನ ಕೆಳಗಡೆ ಇಡಿ, ಫ್ರೀಜರ್ ಬೇಡ. ಬೆಳಗ್ಗೆ ಚಾಕು ಮಸೆಯಿರಿ. ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಎಳೆದರೆ ಸೀಳಬೇಕು, ಅಷ್ಟು ಹರಿತ ಇರಬೇಕು. ಟೇಬಲ್ ಫ್ಯಾನನ್ನು ನಿಮ್ಮ ಪಕ್ಕಕ್ಕಿಟ್ಟು ಗಾಳಿ ಮಣೆಯ ಮೇಲೆ ಅಡ್ಡ ಹಾದು ಕಿಟಕಿಗೆ ಹೋಗುವಂತೆ ಮಾಡಿ. ಎದುರಿಗಿಟ್ಟರೆ ಘಾಟೆಲ್ಲ ಮುಖಕ್ಕೇ ಬಡಿಯುತ್ತದೆ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಅದು ಅಲ್ಲಲ್ಲೇ ತಿರುಗಿಸುತ್ತದೆ.

ಬಿರಿಯಾನಿಯ ಉದ್ದ ಹೋಳು ಮೊದಲು. ಬುಡದಿಂದ ತುದಿಗೆ ಸೀಳಿದರೆ ಕಷ್ಟ ಕಡಿಮೆ. ಮೊಸರು ಬಜ್ಜಿಗೆ ಸಣ್ಣಗೆ ಕೊಚ್ಚುವಾಗಲೇ ಕಣ್ಣೀರು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಆಗ ಈಜುವ ಕನ್ನಡಕ ಹಾಕಿಕೊಳ್ಳಿ.

ಸಸ್ಯಶಾಲೆ
ಸಣ್ಣಗೆ ಕೊಚ್ಚಿದಷ್ಟೂ ಒಡೆಯುವ ಕಣಗಳು ಹೆಚ್ಚು, ಅದಕ್ಕೇ. ಭಟ್ಟರ ಕ್ರಮಕ್ಕೆ ನನ್ನದೂ ಒಂದು ವೋಟ್.

ಮಲ್ಲೇಶ್ವರಂ_ಟೆಕ್ಕಿ
ದಾರ ಎಳೆಯುವ ಚಾಪರ್ ಇದ್ದರೆ ಇಷ್ಟೆಲ್ಲ ಬೇಕಾ? ಮಿಕ್ಸಿಯಲ್ಲಿ ಒಂದು ಸುತ್ತು ಬಿಟ್ಟರೂ ಆಯಿತು.

ಮೆಸ್_ಭಟ್ಟರು
ಮಿಕ್ಸಿ ಬೇಡವೇ ಬೇಡ. ಹಸಿ ಈರುಳ್ಳಿ ನುಣ್ಣಗಾಗಿ ನೀರು ಬಿಟ್ಟು ಕಹಿ ಬರುತ್ತದೆ. ಮೊಸರು ಹಾಕಿದರೆ ಇನ್ನೂ ಗೊತ್ತಾಗುತ್ತದೆ. ಚಾಪರ್ ಸ್ವಲ್ಪಕ್ಕೆ ನಡೆಯುತ್ತದೆ. ಮುಚ್ಚಳ ತೆಗೆಯುವಾಗ ಮಾತ್ರ ಮುಖ ದೂರ ಇಡಿ, ಒಳಗೆ ಸೇರಿದ್ದೆಲ್ಲ ಒಮ್ಮೆಗೇ ಬರುತ್ತದೆ.

ಪುತ್ತೂರು_ಮೆಟ್ಟುಕತ್ತಿ
ಉರಿ ಶುರುವಾದ ಮೇಲೆ ಏನು ಮಾಡುವುದು? ನಾನು ಸೆರಗಿನಲ್ಲಿ ಉಜ್ಜುತ್ತೇನೆ, ಜಾಸ್ತಿಯೇ ಆಗುತ್ತದೆ.

ಸಸ್ಯಶಾಲೆ
ಸೆರಗಿಗೂ ಕೈಗೂ ರಸ ಅಂಟಿರುತ್ತದೆ, ಉಜ್ಜಬೇಡಿ. ಎದ್ದು ಗಾಳಿ ಇರುವ ಕಡೆ ಹೋಗಿ ಕಣ್ಣು ಮಿಟುಕಿಸುತ್ತಿರಿ, ಕಣ್ಣೀರೇ ತೊಳೆಯುತ್ತದೆ. ಬೇಕಿದ್ದರೆ ಕೈ ತೊಳೆದುಕೊಂಡು ತಣ್ಣೀರು ಎರಚಿಕೊಳ್ಳಿ.

ಮೈಸೂರು_ಅಡುಗೆಮನೆ
ಭಟ್ಟರೇ, ಮೇಡಂ, ಇಬ್ಬರಿಗೂ ತುಂಬಾ ಧನ್ಯವಾದ. ಕೊನೆಯ ಪ್ರಶ್ನೆ. ಶನಿವಾರ ರಾತ್ರಿಯೇ ಹೆಚ್ಚಿಟ್ಟರೆ ಆಗುತ್ತದಾ? ಬೆಳಗ್ಗೆ ಮನೆ ತುಂಬ ಜನ ಇರುತ್ತಾರೆ.

ಮೆಸ್_ಭಟ್ಟರು
ಬಿರಿಯಾನಿಯದ್ದು ಹೆಚ್ಚಿಡಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಇಲ್ಲವಾದರೆ ಹಾಲು, ಬೆಣ್ಣೆಗೆಲ್ಲ ವಾಸನೆ ಹತ್ತುತ್ತದೆ. ಹುರಿಯುವುದರಿಂದ ರುಚಿಗೆ ತೊಂದರೆ ಇಲ್ಲ. ಮೊಸರು ಬಜ್ಜಿಯದ್ದು ಮಾತ್ರ ಬಡಿಸುವ ಸ್ವಲ್ಪ ಮುಂಚೆ ಹೆಚ್ಚಿ. ರಾತ್ರಿಯೆಲ್ಲ ಇಟ್ಟ ಹಸಿ ಈರುಳ್ಳಿ ಮೊಸರಿನಲ್ಲಿ ಹಳಸಲು ವಾಸನೆ ಕೊಡುತ್ತದೆ, ಮಕ್ಕಳು ಮುಟ್ಟುವುದಿಲ್ಲ.

ದಾವಣಗೆರೆ_ಬೆಣ್ಣೆ
ಹೆಚ್ಚಿದ ಮೇಲೆ ಕೈ ವಾಸನೆ ಹೋಗಲು ಸ್ಟೀಲ್ ಚಮಚಕ್ಕೆ ಉಜ್ಜಬೇಕು ಅಂತಾರಲ್ಲ, ಅದು ನಿಜಾನಾ?

ಕಾಲೇಜು_ಕೆಮಿಸ್ಟ್ರಿ
ಗಂಧಕ ಸ್ಟೀಲಿಗೆ ಅಂಟುತ್ತದೆ ಎನ್ನುತ್ತಾರೆ, ಖಚಿತವಾಗಿ ಗೊತ್ತಿಲ್ಲ.

ಅಜ್ಜಿಮನೆ_ಶಿರಸಿ
ನನಗಂತೂ ಅದರಿಂದ ಏನೂ ಆಗಿಲ್ಲ. ನಿಂಬೆ ಸಿಪ್ಪೆ, ಉಪ್ಪು ಹಾಕಿ ಉಜ್ಜಿದರೆ ಹೋಗುತ್ತದೆ. ಕೈಯಲ್ಲಿ ಗಾಯ ಇದ್ದರೆ ಮಾತ್ರ ಬೇಡ.